ಗುಂಡಿಯೋ, ಕೊಂಡಿಯೋ?

ಜಾಲಪುಟವನ್ನು ಬಳಸುವವರೆಲ್ಲರೂ ಮೌಸನ್ನು ಹಿಡಿಯಬಲ್ಲವರಲ್ಲ. ಕೈ ನಡುಗುವವರಿಗೆ ಅದನ್ನು ಚಿಕ್ಕದೊಂದು ಗುರಿಯ ಮೇಲೆ ನಿಲ್ಲಿಸುವುದು ಕಷ್ಟ. ದೃಷ್ಟಿಯಿಲ್ಲದವರಿಗೆ ಪರದೆಯ ಮೇಲಿನ ಬಾಣವೇ ಕಾಣದು. ಇಂಥವರಲ್ಲಿ ಅನೇಕರು ಕೀಲಿಮಣೆಯಿಂದಲೇ ಕೆಲಸ ಸಾಗಿಸುತ್ತಾರೆ. ಟ್ಯಾಬ್ ಕೀಲಿಯನ್ನು ಒತ್ತಿದಂತೆಲ್ಲ ಅವರು ಪುಟದ ಒಂದು ನಿಲುದಾಣದಿಂದ ಮುಂದಿನದಕ್ಕೆ ಸಾಗುತ್ತಾರೆ.

ಈ ನಿಲುದಾಣಗಳಲ್ಲಿ ಮುಖ್ಯವಾದವು ಎರಡು. ಬೇರೊಂದು ಪುಟಕ್ಕೆ ಅಥವಾ ಅದೇ ಪುಟದ ಬೇರೊಂದು ಭಾಗಕ್ಕೆ ಒಯ್ಯುವುದು ಕೊಂಡಿ. ಅದನ್ನು `<a>` ಎಂದು ಬರೆದು, ಹೋಗಬೇಕಾದ ವಿಳಾಸವನ್ನು `href` ಎಂಬಲ್ಲಿ ಕೊಡುತ್ತಾರೆ. ಇದ್ದಲ್ಲಿಯೇ ಒಂದು ಕಾರ್ಯವನ್ನು ನಡೆಸುವುದು ಗುಂಡಿ, ಅದು `<button>`. ಕೊಂಡಿಯು ಎಂಟರ್ ಕೀಲಿಗೆ ಓಗೊಡುತ್ತದೆ. ಗುಂಡಿಯು ಎಂಟರ್ ಮತ್ತು ಸ್ಪೇಸ್ ಎರಡಕ್ಕೂ ಓಗೊಡುತ್ತದೆ. ಪರದೆಯನ್ನು ಓದಿ ಹೇಳುವ ತಂತ್ರಾಂಶವು ಇವನ್ನು ‘ಕೊಂಡಿ’, ‘ಗುಂಡಿ’ ಎಂದೇ ಕೇಳುಗನಿಗೆ ತಿಳಿಸುತ್ತದೆ.

ವಿದ್ಯಾರ್ಥಿವೇತನದ ಅರ್ಜಿಯ ಪುಟವೊಂದನ್ನು ಊಹಿಸೋಣ. ಅದರ ಕೊನೆಯಲ್ಲಿ ಹೀಗೆ ಬರೆದಿದೆ:

```html
<div onclick="sallisu()">ಸಲ್ಲಿಸು</div>
```

`<div>` ಎಂಬುದು ಪುಟವನ್ನು ವಿಭಾಗಿಸಲು ಬಳಸುವ ಬರಿಯ ಚೌಕಟ್ಟು. ಬಣ್ಣ ಬಳಿದು, ಅಂಚು ತಿದ್ದಿದರೆ ಅದು ಗುಂಡಿಯಂತೆಯೇ ತೋರುತ್ತದೆ. ಮೌಸಿನಿಂದ ಒತ್ತಿದರೆ ಅರ್ಜಿಯೂ ಹೋಗುತ್ತದೆ. ಆದರೆ ಕಣ್ಣು ಕಾಣದ ವಿದ್ಯಾರ್ಥಿನಿಯೊಬ್ಬಳು ಹೆಸರು, ಶಾಲೆ, ಅಂಕಗಳನ್ನು ತುಂಬಿ ಟ್ಯಾಬನ್ನು ಒತ್ತಿದಾಗ, ಅವಳು ‘ಸಲ್ಲಿಸು’ ಎಂಬುದನ್ನು ದಾಟಿ ಪುಟದಡಿಯ ಕೊಂಡಿಯನ್ನು ಸೇರುತ್ತಾಳೆ. ಹಿಂದಿರುಗಿದರೆ ಮತ್ತೆ ಅಂಕಗಳ ಖಾನೆ. ಎಲ್ಲವನ್ನೂ ಸರಿಯಾಗಿ ತುಂಬಿದ ಅರ್ಜಿ ಅಲ್ಲಿಯೇ ಉಳಿಯುತ್ತದೆ.

ಇದನ್ನು ತೇಪೆ ಹಾಕಿ ಸರಿಪಡಿಸಬಹುದೇ? `tabindex="0"` ಎಂದು ಸೇರಿಸಿದರೆ ಚೌಕಟ್ಟು ನಿಲುದಾಣವಾಗುತ್ತದೆ. ಆದರೆ ಅದು ಗುಂಡಿಯೆಂದು ಯಾರೂ ಹೇಳುವುದಿಲ್ಲ. `role="button"` ಎಂದು ಸೇರಿಸಿದರೆ ಹೆಸರು ಬರುತ್ತದೆ. ಆದರೆ ಎಂಟರ್ ಒತ್ತಿದರೆ ಏನೂ ನಡೆಯದು. ಎರಡು ಕೀಲಿಗಳಿಗೂ ಬೇರೆಯಾಗಿಯೇ ಸೂಚನೆಗಳನ್ನು ಬರೆಯಬೇಕು. ಇಷ್ಟೆಲ್ಲ ಶ್ರಮದಿಂದ ದೊರೆಯುವುದು ಒಂದೇ ಸಾಲಿನಲ್ಲಿ ಸಿದ್ಧವಾಗಿದೆ:

```html
<button type="submit">ಸಲ್ಲಿಸು</button>
```

ಗುಂಡಿ ಇರಬೇಕಾದಲ್ಲಿ ಕೊಂಡಿಯನ್ನು ಇಡುವುದೂ ತಪ್ಪೇ. ‘ಸಲ್ಲಿಸು’ ಎಂಬುದು ಕೊಂಡಿಯಾದರೆ, ಸ್ಪೇಸ್ ಒತ್ತಿದವನಿಗೆ ಪುಟ ಕೆಳಗೆ ಜಾರುತ್ತದೆಯೇ ಹೊರತು ಅರ್ಜಿ ಹೋಗುವುದಿಲ್ಲ. ಹಾಗೆಯೇ ‘ನಿಯಮಗಳನ್ನು ಓದಿ’ ಎಂಬುದು ಗುಂಡಿಯಾದರೆ, ಅದರ ವಿಳಾಸವನ್ನು ನಕಲು ಮಾಡಿಕೊಳ್ಳಲಾಗದು. ಕೊಂಡಿಯಂತೆ ಅದನ್ನು ಹೊಸ ಕಿಟಕಿಯಲ್ಲಿ ತೆರೆಯಲೂ ಆಗದು. ಹೋಗುವುದಕ್ಕೆ ಕೊಂಡಿ, ಮಾಡುವುದಕ್ಕೆ ಗುಂಡಿ ಎಂಬುದೇ ಇಲ್ಲಿನ ವಿವೇಕ.

ಪುಟವನ್ನು ಪರೀಕ್ಷಿಸುವ ವಿಧಾನವೂ ಸರಳ. ಮೌಸನ್ನು ಬದಿಗಿಟ್ಟು, ಮೊದಲಿನಿಂದ ಕೊನೆಯವರೆಗೆ ಟ್ಯಾಬನ್ನು ಒತ್ತುತ್ತ ಹೋಗಬೇಕು. ಒತ್ತಬೇಕಾದ ಯಾವುದಾದರೂ ಒಂದು ಸ್ಥಳದಲ್ಲಿ ನಿಲ್ಲದೆ ಮುಂದಕ್ಕೆ ಹೋದರೆ, ಅಲ್ಲಿರುವುದು ಗುಂಡಿಯ ವೇಷ ತೊಟ್ಟ ಚೌಕಟ್ಟೆಂದು ಸಂಶಯಿಸಬೇಕು.