ಒಳಗೆ ಒಗ್ಗರಣೆ, ಹೊರಗೆ ಇಳಿಬಿಸಿಲು

ಪಡುವಣಕ್ಕೆ ಮುಖ ಮಾಡಿದ ಅಡುಗೆಮನೆಯಲ್ಲಿ ಸಂಜೆ ನಾಲ್ಕರ ನಂತರ ಒಲೆ ಮುಂದೆ ನಿಂತವರಿಗೆ ಆ ಕಿಟಕಿಯ ಕಾಟ ಗೊತ್ತು. ನೆತ್ತಿ ಮೇಲಿನ ಬಿಸಿಲನ್ನು ಸಜ್ಜಾ ತಡೆಯುತ್ತದೆ. ಇಳಿಬಿಸಿಲು ಅದರ ಅಡಿಯಿಂದ ನುಸುಳಿ ನೇರ ಕಣ್ಣಿಗೇ ಬೀಳುತ್ತದೆ. ಕಲಬುರಗಿ, ಬಳ್ಳಾರಿಯ ಏಪ್ರಿಲ್ ಆದರಂತೂ ಕೇಳುವುದೇ ಬೇಡ.

ಪರದೆ ಕೊಳ್ಳುವಾಗ ಎಲ್ಲರ ಮಾತೂ ಈ ಬಿಸಿಲಿನದೇ. ಆದರೆ ಅಡುಗೆಮನೆಯಲ್ಲಿ ಪರದೆಯನ್ನು ಬೇಗ ಹಾಳುಗೆಡವುವುದು ಜಿಡ್ಡು. ಒಗ್ಗರಣೆಯಿಂದ ಮೇಲೆದ್ದ ಎಣ್ಣೆಯ ಸೂಕ್ಷ್ಮ ಹನಿಗಳು ಬಟ್ಟೆಯ ಮೇಲೆ ಕೂರುತ್ತವೆ. ಗಾಳಿ, ಬಿಸಿಲು ತಾಕಿ ದಿನಗಳೆದಂತೆ ಅವು ಗಟ್ಟಿಯಾಗಿ ಅಂಟಂಟಾಗುತ್ತವೆ. ರಸ್ತೆಯ ಧೂಳು ಅದಕ್ಕೆ ಮೆತ್ತಿಕೊಳ್ಳುತ್ತದೆ. ಮೊದಲ ವಾರ ಸೋಪಿನ ನೀರಿಗೆ ಬಿಡುವ ಈ ಪದರ ಆರು ತಿಂಗಳಾದರೆ ಉಜ್ಜಿದರೂ ಜಗ್ಗುವುದಿಲ್ಲ.

ನಾಲ್ಕು ಅಡಿ ಅಗಲದ ಕಿಟಕಿ, ಅದರ ಕೆಳಗೇ ಗ್ಯಾಸ್ ಒಲೆ ಎಂದುಕೊಳ್ಳಿ. ತೆಳು ಪರದೆ ನೆರಿಗೆಯಾಗಿ ನಿಲ್ಲಬೇಕಾದರೆ ಕಿಟಕಿಯ ಎರಡರಷ್ಟು, ಅಂದರೆ ಎಂಟು ಅಡಿ ಅಗಲದ ಬಟ್ಟೆ ಬೇಕು. ಅಷ್ಟೂ ಬಟ್ಟೆ ಜಿಡ್ಡು ಹಿಡಿಯುತ್ತದೆ. ಅದಕ್ಕಿಂತ ದೊಡ್ಡ ಭಯ ಬೆಂಕಿಯದು: ಗಾಳಿಗೆ ಹಾರಿದ ಅಂಚು ಉರಿಗೆ ತಾಕಲು ಎಷ್ಟು ಹೊತ್ತು? ಇಲ್ಲಿ ತೆಳು ಪರದೆಯ ಆಸೆ ಬಿಡುವುದೇ ಸರಿ.

ಇಂಥ ಕಡೆ ಪಿವಿಸಿ ಲೇಪನದ ಸ್ಕ್ರೀನ್ ಬಟ್ಟೆಯ ರೋಲರ್ ಬ್ಲೈಂಡ್ ಒಗ್ಗುತ್ತದೆ. ಆದರೆ ಒಲೆ ಉರಿಯುವಾಗ ಅದನ್ನೂ ಉರಿಯಿಂದ ದೂರ, ಮೇಲಕ್ಕೆ ಸುತ್ತಿಡಬೇಕು. ಈ ಬಟ್ಟೆಯಲ್ಲಿ ಸಣ್ಣ ತೂತುಗಳಿರುತ್ತವೆ. 5% ಎಂದರೆ ನೂರರಲ್ಲಿ ಐದು ಭಾಗ ತೆರೆದ ಜಾಗ. ಕಡು ಬಣ್ಣದ್ದು ಕಣ್ಣು ಕುಕ್ಕುವುದನ್ನು ಚೆನ್ನಾಗಿ ತಗ್ಗಿಸಿದರೂ ತಾನೇ ಕಾದು ಒಳಗೆ ಸೆಕೆ ಬಿಡುತ್ತದೆ. ತಿಳಿ ಬಣ್ಣದ್ದು ಒಂದಷ್ಟು ಬಿಸಿಲನ್ನು ಗಾಜಿನ ಮೂಲಕವೇ ಹಿಂದಕ್ಕೆ ಕಳಿಸುತ್ತದೆ. ಆದರೂ ಗಾಜು ದಾಟಿ ಬಂದ ಬಿಸಿಲನ್ನು ಒಳಗಿನ ಯಾವ ಪರದೆಯೂ ಪೂರ್ತಿ ಹೊರಗಟ್ಟಲಾರದು.

ಬ್ಲೈಂಡ್ ಕೆಡುವುದು ಸುತ್ತಿಡುವಲ್ಲಿ. ಜಿಡ್ಡಿನ ಮುಖವನ್ನು ಹಾಗೇ ಸುತ್ತಿದರೆ ಅದು ಬಟ್ಟೆಯ ಹಿಂಬದಿಗೂ ಅಂಟುತ್ತದೆ. ಹದಿನೈದು ದಿನಕ್ಕೊಮ್ಮೆ ಪೂರ್ತಿ ಇಳಿಸಿ, ಪಾತ್ರೆ ತೊಳೆಯುವ ಸೋಪು ಬೆರೆಸಿದ ಉಗುರುಬೆಚ್ಚಗಿನ ನೀರಲ್ಲಿ ಹಿಂಡಿದ ಬಟ್ಟೆಯಿಂದ ಎರಡೂ ಬದಿ ಒರೆಸಿ, ಒಣಗಿದ ಮೇಲೆಯೇ ಮೇಲೆತ್ತಬೇಕು. ಕೊಳ್ಳುವ ಮೊದಲೇ ಸ್ಯಾಂಪಲ್ ತುಂಡು ಕೇಳಿ ತಂದು, ಒಂದು ಹನಿ ಎಣ್ಣೆ ಹಚ್ಚಿ, ರಾತ್ರಿ ಬಿಟ್ಟು ಬೆಳಗ್ಗೆ ಒರೆಸಿ ನೋಡಿದರೆ ಗುಟ್ಟು ರಟ್ಟಾಗುತ್ತದೆ.

ಒಲೆ ಎದುರು ಗೋಡೆಗಿದ್ದು ಕಿಟಕಿಯಡಿ ಸಿಂಕ್ ಇದ್ದರೆ ಲೆಕ್ಕ ತಿರುಗಿಬೀಳುತ್ತದೆ. ಆಗ ಪಾಲಿಯೆಸ್ಟರ್‌ನ ತೆಳು ಪರದೆಯೇ ಸುಲಭ: ಕಳಚಿ ಮೆಷಿನ್‌ಗೆ ಹಾಕಿ, ಒದ್ದೆಯಾಗಿಯೇ ತೂಗಿಬಿಟ್ಟರೆ ಸಾಕು. ಸೆಕೆಯನ್ನು ಅದು ಅಷ್ಟಾಗಿ ತಡೆಯದು, ಬೆಳಕನ್ನು ಮಾತ್ರ ಮೆತ್ತಗಾಗಿಸುತ್ತದೆ. ಒಗೆಯುವಾಗ ಅರಿಶಿನದ ಕಲೆ ಸೋಪು ತಾಕಿ ಕೆಂಪಗಾದರೆ ಗಾಬರಿ ಬೇಡ. ಜಾಲಿಸಿ ಅದೇ ಪಡುವಣ ಕಿಟಕಿಗೆ ನೇತುಹಾಕಿದರೆ ಬಿಸಿಲಿಗೆ ಕಲೆ ಮಾಸುತ್ತಾ ಹೋಗುತ್ತದೆ.