ಸೊಳ್ಳೆ, ಮನುಷ್ಯ ಮತ್ತು ಒಂದು ವರ್ಗಮೂಲ

ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾದ ಪರಾವಲಂಬಿಯನ್ನು 1897ರಲ್ಲಿ ಸಿಕಂದರಾಬಾದಿನಲ್ಲಿ ಪತ್ತೆಹಚ್ಚಿದ ವೈದ್ಯ ರೊನಾಲ್ಡ್ ರಾಸ್, ಆಮೇಲೆ ಗಣಿತದ ಕಡೆ ಹೊರಳಿದರು. ಊರಿನ ಕಟ್ಟಕಡೆಯ ಸೊಳ್ಳೆಯನ್ನೂ ಕೊಲ್ಲಬೇಕಿಲ್ಲ, ಅವುಗಳ ಸಂಖ್ಯೆ ಒಂದು ಮಿತಿಗಿಂತ ಕೆಳಗಿಳಿದರೆ ಸಾಕು, ಮಲೇರಿಯಾ ತಾನಾಗಿ ಅಳಿಯುತ್ತದೆ ಎಂಬುದು ಅವರ ವಾದ.

ಆ ಮಿತಿಯನ್ನು ಇಂದು R0 ಎಂಬ ಸಂಖ್ಯೆಯಿಂದ ಹೇಳುತ್ತಾರೆ. ಯಾರಿಗೂ ರೋಗನಿರೋಧಕ ಶಕ್ತಿ ಇಲ್ಲದ ಊರಿಗೆ ಒಬ್ಬ ಸೋಂಕಿತ ಬಂದರೆ, ಅವನಿಂದ ನೇರವಾಗಿ ಎಷ್ಟು ಜನರಿಗೆ ಸೋಂಕು ತಗಲುತ್ತದೆ? ಆ ಸರಾಸರಿಯೇ R0. ಅದು 1ಕ್ಕಿಂತ ಹೆಚ್ಚಿದ್ದರೆ ರೋಗ ಹಬ್ಬುತ್ತದೆ, ಕಡಿಮೆಯಿದ್ದರೆ ಆರಿಹೋಗುತ್ತದೆ.

ಮಲೇರಿಯಾದಲ್ಲಿ ತೊಡಕಿರುವುದು ಇಲ್ಲೇ. ಮನುಷ್ಯ ಮನುಷ್ಯನಿಗೆ ನೇರವಾಗಿ ಸೋಂಕು ದಾಟಿಸುವುದಿಲ್ಲ, ಸೊಳ್ಳೆಯೂ ಸೊಳ್ಳೆಗೆ ದಾಟಿಸುವುದಿಲ್ಲ. ಒಬ್ಬ ರೋಗಿಯಿಂದ 8 ಸೊಳ್ಳೆಗಳಿಗೆ, ಒಂದು ಸೊಳ್ಳೆಯಿಂದ 2 ಜನರಿಗೆ ಸೋಂಕು ತಗಲುತ್ತದೆ ಎಂದುಕೊಳ್ಳೋಣ (ಲೆಕ್ಕ ಸುಲಭವಾಗಲೆಂದು ಆರಿಸಿಕೊಂಡ ಅಂಕಿಗಳಿವು). ಹಾಗಾದರೆ R0 ಎಷ್ಟು? ಎಂಟೂ ಎರಡೂ ಕೂಡಿಸಿ ಭಾಗಿಸಿ 5 ಎನ್ನುವುದು ತಪ್ಪು.

ಓಡೋ ಡೀಕ್‌ಮನ್, ಹೇಸ್ಟರ್‌ಬೀಕ್ ಮತ್ತು ಮೆಟ್ಸ್ 1990ರಲ್ಲಿ ಇದಕ್ಕೊಂದು ಖಚಿತ ದಾರಿ ತೋರಿಸಿದರು. ಯಾರಿಂದ ಯಾರಿಗೆ ಎಷ್ಟು ಎಂಬುದನ್ನೆಲ್ಲ ಒಂದು ಮಾತೃಕೆಯಲ್ಲಿ ಬರೆಯಬೇಕು. ಅದು ಮುಂದಿನ ತಲೆಮಾರಿನ ಮಾತೃಕೆ.

```
K = | 0  2 |
    | 8  0 |
```

ಮೊದಲ ಕಂಬಸಾಲು ಒಬ್ಬ ರೋಗಿ ಉಂಟುಮಾಡುವ ಸೋಂಕುಗಳದ್ದು, ಎರಡನೆಯದು ಒಂದು ಸೊಳ್ಳೆ ಉಂಟುಮಾಡುವ ಸೋಂಕುಗಳದ್ದು. ಮೇಲಿನ ಸಾಲಿನಲ್ಲಿ ಹೊಸ ರೋಗಿಗಳು, ಕೆಳಗಿನದರಲ್ಲಿ ಹೊಸ ಸೊಳ್ಳೆಗಳು. ಈಗ 1 ರೋಗಿ ಮತ್ತು 2 ಸೋಂಕಿತ ಸೊಳ್ಳೆಗಳಿಂದ ಆರಂಭಿಸಿ ನೋಡಿ. ಮುಂದಿನ ತಲೆಮಾರಿಗೆ 4 ರೋಗಿಗಳು, 8 ಸೊಳ್ಳೆಗಳು. ಅದರ ಮುಂದೆ 16 ಮತ್ತು 32. ಪ್ರಮಾಣ ಒಂದಕ್ಕೆ ಎರಡಾಗಿಯೇ ಉಳಿದು, ಎರಡೂ ಪ್ರತಿ ಸಲ ನಾಲ್ಕು ಪಟ್ಟಾಗುತ್ತವೆ. ಈ ನಾಲ್ಕೇ ಮಾತೃಕೆಯ ಅತಿದೊಡ್ಡ ಐಗನ್ ಮೌಲ್ಯ, ಅದೇ R0. ಇಲ್ಲಿ ಅದು 8 ಮತ್ತು 2ರ ಗುಣಲಬ್ಧದ ವರ್ಗಮೂಲ.

ಹತೋಟಿ ಕ್ರಮಗಳ ಬಲವೂ ಇದರಲ್ಲೇ ಕಾಣುತ್ತದೆ. ಸೊಳ್ಳೆಗಳ ಸಂಖ್ಯೆ ಅರ್ಧವಾದರೆ 8 ಎಂಬುದು 4 ಆಗುತ್ತದೆ, R0 ಸುಮಾರು 2.8ಕ್ಕೆ ಇಳಿಯುತ್ತದೆ. ಸೊಳ್ಳೆಪರದೆಯಿಂದ ಕಚ್ಚುವುದೇ ಅರ್ಧಕ್ಕಿಳಿದರೆ ಎರಡೂ ಅಂಕಿಗಳು ಅರ್ಧವಾಗುತ್ತವೆ, R0 ನೇರ 2ಕ್ಕೆ ಬರುತ್ತದೆ. ಪರಾವಲಂಬಿ ದಾಟಬೇಕಾದರೆ ಎರಡು ಸಲ ಕಚ್ಚಬೇಕಲ್ಲ!

ಎಡವುವುದು ಲಸಿಕೆಯ ಲೆಕ್ಕದಲ್ಲಿ. R0 4 ಇದ್ದರೆ ಶೇ. 75 ಜನರನ್ನು ರಕ್ಷಿಸಿದರೆ ಸಾಕೆಂದು ರೂಢಿಯ ಸೂತ್ರ ಹೇಳುತ್ತದೆ. ಆದರೆ ಆಗ ಇಳಿಯುವುದು 2 ಎಂಬ ಅಂಕಿ ಮಾತ್ರ, ಅದು 0.5 ಆಗುತ್ತದೆ. 8 ಹಾಗೇ ಇರುತ್ತದೆ. R0 ಇನ್ನೂ 2, ರೋಗ ಹಬ್ಬುತ್ತಲೇ ಇರುತ್ತದೆ. ಮನುಷ್ಯರನ್ನಷ್ಟೇ ರಕ್ಷಿಸುವುದಾದರೆ ಶೇ. 94ರಷ್ಟು ಜನ ಬೇಕು, ಅಂದರೆ 16ರಲ್ಲಿ 15 ಪಾಲು.

ಕೆಲವರು ವರ್ಗಮೂಲ ತೆಗೆಯದೆ, ಮನುಷ್ಯನಿಂದ ಮನುಷ್ಯನಿಗೆ ಒಂದು ಸುತ್ತೆಂದು ಎಣಿಸಿ R0 16 ಎಂದೇ ಬರೆಯುತ್ತಾರೆ. ಎರಡೂ ಸರಿಯೇ, 1ರ ಗಡಿಯನ್ನು ದಾಟುವುದೂ ಒಟ್ಟಿಗೇ. ಆದ್ದರಿಂದ ಮಲೇರಿಯಾ ಅಥವಾ ಡೆಂಗಿಯ R0 ಎಲ್ಲಾದರೂ ಕಣ್ಣಿಗೆ ಬಿದ್ದರೆ, ಅದು ವರ್ಗಮೂಲ ತೆಗೆದದ್ದೋ ತೆಗೆಯದ್ದೋ ಎಂದು ಮೊದಲು ನೋಡಿಕೊಳ್ಳಿ.