‘ಆಗೋದಿಲ್ಲ’ ಎನ್ನುವವರ ಮಾತಿನಲ್ಲಿ ಏನಿದೆ?

ಓದು ಮುಗಿಸಿ ಪೀಣ್ಯದ ಕಾರ್ಖಾನೆಗೋ ವೈಟ್‌ಫೀಲ್ಡಿನ ಕಂಪನಿಗೋ ಸೇರುವ ಹುಡುಗ ಹುಡುಗಿಯರಿಗೆ ಮೊದಲು ಎದುರಾಗುವುದು ಯಂತ್ರವಲ್ಲ, ‘ಇದೆಲ್ಲ ಇಲ್ಲಿ ಆಗೋದಿಲ್ಲ’ ಎನ್ನುವ ಹಿರಿಯ ಮುಖ್ಯಸ್ಥರು. ಅವರನ್ನು ಒಲಿಸುವುದಕ್ಕೂ ಒಂದು ಕ್ರಮವಿದೆ. ಅದನ್ನು ಒಂದು ಕಲ್ಪಿತ ಉದಾಹರಣೆಯಿಂದ ನೋಡೋಣ.

ಪೀಣ್ಯದ ಒಂದು ಪ್ರೆಸ್ ಶಾಪ್. ತಗಡು ಒತ್ತುವ ಯಂತ್ರದ ಡೈ ಬದಲಿಸಲು 90 ನಿಮಿಷ ಬೇಕು. ಅಷ್ಟು ಹೊತ್ತೂ ಯಂತ್ರ ನಿಂತಿರುತ್ತದೆ. ಮುಂದಿನ ಡೈ, ಬೋಲ್ಟು, ಸ್ಪ್ಯಾನರ್‌ಗಳನ್ನು ಯಂತ್ರ ಓಡುತ್ತಿರುವಾಗಲೇ ಪಕ್ಕದಲ್ಲಿ ಜೋಡಿಸಿಟ್ಟುಕೊಂಡರೆ ಸಮಯ ಉಳಿಯುತ್ತದೆ. ಇದು ಜಪಾನಿನ ಶಿಗಿಯೊ ಶಿಂಗೊ ರೂಪಿಸಿದ ಪದ್ಧತಿ. ಆರೂ ಪ್ರೆಸ್‌ಗಳಲ್ಲಿ ಇದನ್ನು ತರುವ ಹೊಣೆ ಹೊಸ ಇಂಜಿನಿಯರ್ ಹುಡುಗಿಯದು. ಪ್ರೊಡಕ್ಷನ್ ಮ್ಯಾನೇಜರ್ ಒಪ್ಪಲಿಲ್ಲ.

ಆಕೆ ಸಭೆಯಲ್ಲಿ ವಾದಿಸಲಿಲ್ಲ. ಶಿಫ್ಟ್ ಮುಗಿದ ಮೇಲೆ ಒಬ್ಬಳೇ ಹೋಗಿ, “ಸಾರ್, ಎಲ್ಲಿ ಕೆಡಬಹುದು ಹೇಳಿ” ಎಂದು ಕೇಳಿದಳು. “ನೋಡಮ್ಮ, ಪ್ರಯೋಗದಲ್ಲಿ ಹೋದ ಗಂಟೆಗೆ ತಿಂಗಳ ಕೊನೆಯಲ್ಲಿ ಲೆಕ್ಕ ಕೊಡಬೇಕಾದವನು ನಾನು. ಅವಸರದಲ್ಲಿ ಭಾರದ ಡೈ ಜಾರಿದರೆ ಹುಡುಗರ ಕೈ ಹೋಗುತ್ತೆ. ಅಲ್ಲದೆ ಒಂದೊಂದು ಡೈ ಒಂದೊಂದು ಎತ್ತರ, ಒಂದೇ ಅಳತೆಯ ಬೋಲ್ಟು ಎಲ್ಲಕ್ಕೂ ಆಗೋದಿಲ್ಲ” ಎಂದರು ಅವರು.

ಮೂರೂ ನಿಜವಾದ ಮಾತುಗಳೇ. ಮೊದಲನೆಯದು ಮಾಲೀಕರು ಬಿಡಿಸಬೇಕಾದ ಗಂಟು. ಪ್ರಯೋಗದ ಗಂಟೆಗಳನ್ನು ತಿಂಗಳ ಗುರಿಯಿಂದ ಕಳೆಯುತ್ತೇವೆಂದು ಅವರಿಂದ ಬರೆಸಿಕೊಂಡದ್ದಾಯಿತು. ಎರಡನೆಯದಕ್ಕೆ ಡೈಯಷ್ಟೇ ಎತ್ತರದ, ಚಕ್ರಕ್ಕೆ ಬ್ರೇಕ್ ಇರುವ ಟ್ರಾಲಿ ಬಂತು. ಮೂರನೆಯದು ಯೋಜನೆಯದೇ ತಪ್ಪು. ಅದಕ್ಕಾಗಿ ಆರು ಪ್ರೆಸ್‌ಗಳ ಬದಲು ಒಂದೇ ಪ್ರೆಸ್, ಒಂದೇ ಎತ್ತರದ ನಾಲ್ಕು ಡೈಗಳು, ನಾಲ್ಕು ವಾರ ಎಂದಾಯಿತು. ಪ್ರಯೋಗದ ದಿನಗಳನ್ನು ಮ್ಯಾನೇಜರೇ ಆರಿಸಿದರು. ತಿರಸ್ಕೃತ ಬಿಡಿಭಾಗಗಳು ಹೆಚ್ಚಿದರೆ ಕೂಡಲೇ ನಿಲ್ಲಿಸುವ ಅಧಿಕಾರವೂ ಅವರದೇ.

ನಾಲ್ಕನೇ ವಾರ 90 ನಿಮಿಷ 50ಕ್ಕೆ ಇಳಿಯಿತು. ದಿನಕ್ಕೆ ಎರಡು ಬಾರಿ ಡೈ ಬದಲಿಸುವಲ್ಲಿ ಇದು 80 ನಿಮಿಷದ ಉಳಿತಾಯ. ಅದನ್ನು ಮಾಲೀಕರ ಮುಂದೆ ವಿವರಿಸಿದವರು ಮ್ಯಾನೇಜರ್. ಮುಂದಿನ ಪ್ರೆಸ್ ಯಾವುದೆಂದು ಹೇಳಿದವರೂ ಅವರೇ.

ಸಾಫ್ಟ್‌ವೇರ್ ಕೆಲಸಕ್ಕೆ ಟೊಯೋಟಾ ಮಾದರಿಯ ಪದ್ಧತಿಯನ್ನು 2004ರಲ್ಲಿ ಒಗ್ಗಿಸಲು ಹೊರಟ ವಿಪ್ರೊ ಕೂಡ ಮೊದಲು ಕೆಲವೇ ಪ್ರಾಜೆಕ್ಟುಗಳಲ್ಲಿ ಪರೀಕ್ಷಿಸಿ, ಆಮೇಲೆ ವಿಸ್ತರಿಸಿತು.

ಬಾಯಲ್ಲಿ ಬಂದ ‘ಹೂಂ’ ಎಲ್ಲವೂ ಒಪ್ಪಿಗೆಯಲ್ಲ. ಸಭೆಯಲ್ಲಿ ತಲೆಯಾಡಿಸಿದವರು ಪ್ರಯೋಗಕ್ಕೆ ನುರಿತ ಆಪರೇಟರನ್ನು ಕಳಿಸದಿದ್ದರೆ, ದಿನಾಂಕ ಮುಂದೂಡುತ್ತಲೇ ಹೋದರೆ ಇನ್ನೂ ಹೇಳದ ಆಕ್ಷೇಪವೊಂದು ಉಳಿದಿದೆ ಎಂದರ್ಥ. ಮತ್ತೆ ಹೋಗಿ ಕೇಳಬೇಕು. ಆದರೆ ಬದಲಾವಣೆಯಿಂದ ಅವರ ಹುದ್ದೆಗೇ ಕುತ್ತು ಬರುವಂತಿದ್ದರೆ ಯಾವ ಕ್ರಮವೂ ನಡೆಯದು. ಆ ಸತ್ಯವನ್ನು ಮಾಲೀಕರೇ ಮುಖಕ್ಕೆ ಮುಖ ಕೊಟ್ಟು ಹೇಳಬೇಕು. ಅದನ್ನು ಹೊಸ ಹುಡುಗಿಯ ತಲೆಗೆ ಕಟ್ಟುವುದು ನ್ಯಾಯವಲ್ಲ.